‘ಗೊತ್ತಿಲ್ಲ’ ಅಂದ ಮೇಲೂ ಇಂಟರ್‌ವ್ಯೂನಲ್ಲಿ ಅಂಕ ಸಿಗುತ್ತಾ? (df, du ಪ್ರಶ್ನೆ)

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಲಿನಕ್ಸ್ ಸಪೋರ್ಟ್ ಕೆಲಸಕ್ಕೆ ಮೊದಲ ರೌಂಡ್ ಮುಗಿದಿದೆ. ಅಲ್ಲಿ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಒಂದು ಸರ್ವರ್‌ನಲ್ಲಿ ಡಿಸ್ಕ್ ತುಂಬಿದೆ ಅಂತ ದೂರು. `df -h` ಹಾಕಿದರೆ 50 ಜಿಬಿಯಲ್ಲಿ 48 ಜಿಬಿ ಬಳಕೆ ಅಂತ ತೋರಿಸುತ್ತದೆ. ಅದೇ ಡಿಸ್ಕಿನ ಮೇಲೆ `du -sh` ಹಾಕಿದರೆ ಎಲ್ಲ ಸೇರಿ 20 ಜಿಬಿ ಮಾತ್ರ. ಮಿಕ್ಕ 28 ಜಿಬಿ ಎಲ್ಲಿ?

ನನಗೆ ಉತ್ತರ ಗೊತ್ತಿರಲಿಲ್ಲ. ಹಾಗೇ ಹೇಳಿದೆ. ಆಮೇಲೆ “ನನಗೆ ಗೊತ್ತಿರೋದು ಇಷ್ಟು, ಇಲ್ಲಿಂದ ಹುಡುಕುತ್ತೇನೆ” ಅಂತ ಶುರು ಮಾಡಿದೆ. ಅವರು ಒಂದು ಸುಳಿವು ಕೊಟ್ಟರು, ಮಾತು ಮುಂದುವರಿಯಿತು. ಈಗ ಎರಡನೇ ರೌಂಡ್‌ಗೆ ಕರೆದಿದ್ದಾರೆ.

ರೂಮ್‌ಮೇಟ್ ಮಾತ್ರ “ಅದು ಅದೃಷ್ಟ ಕಣೆ, ಇನ್ನೊಂದು ಸಲ ಗೊತ್ತಿಲ್ಲ ಅಂತ ಬಾಯಿ ಬಿಡಬೇಡ, ಏನಾದರೂ ಹೇಳ್ತಾ ಇರು” ಅನ್ನುತ್ತಿದ್ದಾಳೆ. ಇಂಟರ್‌ವ್ಯೂ ತಗೊಳ್ಳುವವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ನಿಜವಾಗಿ ಅಂಕ ಹೇಗೆ ಹಾಕುತ್ತೀರಿ?

ಜಯನಗರ 4ನೇ ಬ್ಲಾಕ್

ರೂಮ್‌ಮೇಟ್ ಹೇಳಿದ್ದೇ ಸರಿ. ಇಂಟರ್‌ವ್ಯೂ ಅಂದರೆ ಧೈರ್ಯ. ಗೊತ್ತಿಲ್ಲ ಅಂದ ತಕ್ಷಣ ಅವರು ಮುಂದಿನ ಅಭ್ಯರ್ಥಿ ಕಡೆ ನೋಡುತ್ತಾರೆ. ಸಂಬಂಧಪಟ್ಟ ನಾಲ್ಕು ಮಾತು ಆಡಿದರೆ ಅರ್ಧ ಅಂಕವಾದರೂ ಬರುತ್ತೆ.

ಕಲಬುರ್ಗಿ ಇಸಿಇ

ಇದು ಪರೀಕ್ಷೆ ಮೇಲೆ ಹೋಗುತ್ತೆ ಅಲ್ವಾ? ಗೇಟ್‌ನಲ್ಲಿ 1 ಅಂಕದ ಬಹುಆಯ್ಕೆ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಭಾಗ ಕಳೆಯುತ್ತಾರೆ, 2 ಅಂಕದ್ದಾದರೆ ಮೂರನೇ ಎರಡು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡೋದೇ ಸುರಕ್ಷಿತ. ಸಂಖ್ಯೆ ಬರೆಯುವ ಪ್ರಶ್ನೆಗೆ ಕಳೆಯೋದಿಲ್ಲ, ಅಲ್ಲಿ ಏನಾದರೂ ಬರೆಯಬಹುದು.

ಹೇಮಾವತಿ ದಂಡೆ

ನಾನು ಕೇಳಿದ್ದು ಎದುರಿಗೆ ಕೂತು ಮಾತಾಡುವ ಇಂಟರ್‌ವ್ಯೂ ಬಗ್ಗೆ. ಅಲ್ಲಿ ಸುಮ್ನೆ ಬಿಟ್ಟು ಮುಂದೆ ಹೋಗೋಕೆ ಆಗಲ್ಲ.

ತುಂಗಾ ತೀರ

ನಿಮ್ಮ ಪ್ರಶ್ನೆಗೆ ಉತ್ತರ ಸುಲಭ. ಪ್ರತಿ ಫೈಲಿಗೂ ಒಂದು ಇನೋಡ್ ಬೇಕು, ಅವು ಖಾಲಿಯಾಗಿರುತ್ತವೆ. `df -i` ಹಾಕಿ ನೋಡಿ. ಸಣ್ಣ ಸಣ್ಣ ಫೈಲು ಲಕ್ಷಗಟ್ಟಲೆ ಇದ್ದರೆ ಹೀಗಾಗುತ್ತೆ. ಇಷ್ಟು ಹೇಳಿದ್ದರೆ ಅಲ್ಲೇ ಪಾಸ್.

ಸರ್ವರ್ ರೂಮ್

ತುಂಗಾ ತೀರ ಅವರೇ, ಇನೋಡ್ ಖಾಲಿಯಾಗೋದು ನಿಜವಾದ ಸಮಸ್ಯೆಯೇ, ಆದರೆ ಇಲ್ಲಿನದು ಅದಲ್ಲ. ಇನೋಡ್ ಮುಗಿದಾಗ `df -h` ಜಾಗ ಇದೆ ಅಂತಲೇ ತೋರಿಸುತ್ತದೆ. ಹೊಸ ಫೈಲ್ ಮಾಡಲು ಹೋದರೆ ಮಾತ್ರ `No space left on device` ಅನ್ನುತ್ತದೆ. ಇಲ್ಲಿ `df` ಜಾಗವೇ ಇಲ್ಲ ಅನ್ನುತ್ತಿದೆ. ಎರಡೂ ಬೇರೆ ಬೇರೆ.

ಈ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಹತ್ತು ವರ್ಷಕ್ಕೂ ಜಾಸ್ತಿ ಇಂಟರ್‌ವ್ಯೂ ತಗೊಂಡಿದ್ದೇನೆ, ಹಾಗಾಗಿ ಮೇಜಿನ ಈ ಕಡೆಯಿಂದ ಏನು ಕಾಣುತ್ತೆ ಅಂತ ಬರೆಯುತ್ತೇನೆ.

ನಮ್ಮಲ್ಲಿ ಪ್ರತಿ ಪ್ರಶ್ನೆಗೂ 1ರಿಂದ 4ರವರೆಗೆ ಅಂಕ. ಪಕ್ಕದಲ್ಲಿ ಕಾರಣ ಬರೆಯಬೇಕು. ಈ ಪ್ರಶ್ನೆಗೆ ಸುಳಿವಿಲ್ಲದೆ ಉತ್ತರಕ್ಕೆ ಬಂದವರಿಗೆ 4. ಗೊತ್ತಿಲ್ಲ ಅಂದು, ಗೊತ್ತಿರುವಲ್ಲಿಂದ ಶುರು ಮಾಡಿ, ಒಂದು ಸುಳಿವಿನಿಂದ ದಡ ಸೇರಿದವರಿಗೆ 3. ಬರೀ ಗೊತ್ತಿಲ್ಲ ಅಂದು ಸುಮ್ಮನಾದವರಿಗೆ 2. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಗಟ್ಟಿಯಾಗಿ ಹೇಳಿದವರಿಗೆ 1. ಕೊನೆಯವರ ಕಷ್ಟ ಆ ಒಂದು ಅಂಕಕ್ಕೆ ಮುಗಿಯೋದಿಲ್ಲ. ಅವರು ಮೊದಲು ಕೊಟ್ಟ ಸರಿ ಉತ್ತರಗಳ ಮೇಲೂ ಅನುಮಾನ ಬರುತ್ತದೆ, ಮತ್ತೆ ಕೆದಕಬೇಕಾಗುತ್ತದೆ.

ಬುರುಡೆ ಅಂತ ಹೇಗೆ ಗೊತ್ತಾಗುತ್ತೆ ಅಂದರೆ, ಪ್ರತಿ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಸಿದ್ಧವಾಗಿರುತ್ತದೆ. ಒಬ್ಬರು “ಕ್ಯಾಶ್ ತುಂಬಿರುತ್ತೆ, ಕ್ಲಿಯರ್ ಮಾಡಬೇಕು” ಅಂದರು ಅಂತಿಟ್ಟುಕೊಳ್ಳಿ. “ಯಾವ ಕ್ಯಾಶ್? ಅದು ಡಿಸ್ಕಿನಲ್ಲಿ ಎಲ್ಲಿರುತ್ತೆ? ಡಿಸ್ಕಿನಲ್ಲೇ ಇದ್ದರೆ `du` ಯಾಕೆ ಅದನ್ನು ಎಣಿಸಲಿಲ್ಲ?” ಅಂತ ಕೇಳುತ್ತೇನೆ. ಮೂರನೆಯದಕ್ಕೆ ಮಾತು ನಿಲ್ಲುತ್ತೆ.

ಜಯನಗರ 4ನೇ ಬ್ಲಾಕ್

ನಿಮ್ಮ ಕಂಪನಿಯಲ್ಲಿ ಹಾಗಿರಬಹುದು ಸರ್. ಎಲ್ಲ ಕಡೆ ಇಷ್ಟು ತಾಳ್ಮೆ ಇರೋದಿಲ್ಲ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷ. ಪಟ್ಟಿ ಹಿಡಿದುಕೊಂಡು ಕೇಳ್ತಾರೆ, ಗೊತ್ತಿಲ್ಲ ಅಂದರೆ ಅಡ್ಡಗೆರೆ ಎಳೀತಾರೆ.

ಸರ್ವರ್ ರೂಮ್

ಅದನ್ನು ಒಪ್ಪುತ್ತೇನೆ. ಪಟ್ಟಿ ಓದುವ ರೌಂಡ್‌ನಲ್ಲಿ ಸುಳಿವು ಕೊಡುವ ಪುರುಸೊತ್ತು ಯಾರಿಗೂ ಇರೋದಿಲ್ಲ. ಅಲ್ಲಿ ಗೊತ್ತಿಲ್ಲ ಅಂದರೆ ಸಿಗುವ ಲಾಭ ಒಂದೇ, ಸಮಯ. ಮುಂದಿನ ಪ್ರಶ್ನೆ ಬೇಗ ಬರುತ್ತೆ, ಅದು ನಿಮಗೆ ಗೊತ್ತಿರಬಹುದು.

ಹೇಮಾವತಿ ದಂಡೆ

ಸರ್, ನಾನು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಎಲ್ಲಿ ಸರಿ, ಎಲ್ಲಿ ಕಮ್ಮಿ ಅಂತ ಹೇಳ್ತೀರಾ?

“ಈ ಎರಡು ಲೆಕ್ಕ ಯಾಕೆ ಬೇರೆ ಬರುತ್ತವೆ ಅನ್ನೋದು ನನಗೆ ಗೊತ್ತಿಲ್ಲ ಸರ್. `du` ಫೋಲ್ಡರ್ ಫೋಲ್ಡರ್ ಒಳಗೆ ಹೋಗಿ ಸಿಕ್ಕ ಫೈಲುಗಳನ್ನು ಕೂಡುತ್ತದೆ ಅನ್ನೋದು ಗೊತ್ತು. `df` ಅಷ್ಟು ಬೇಗ ಉತ್ತರ ಕೊಡುವುದು ನೋಡಿದರೆ ಅದು ಫೈಲುಗಳನ್ನು ಎಣಿಸುತ್ತಿರಲಾರದು, ಫೈಲ್‌ಸಿಸ್ಟಮ್ ಇಟ್ಟುಕೊಂಡ ಲೆಕ್ಕವನ್ನೇ ಓದುತ್ತಿರಬೇಕು. ಇದು ಊಹೆ. ಊಹೆ ಸರಿಯಿದ್ದರೆ, `du` ಕಣ್ಣಿಗೆ ಬೀಳದ ಏನೋ 28 ಜಿಬಿ ಇದೆ. ಮೊದಲು `sudo` ಹಾಕಿ `du` ಮತ್ತೆ ಓಡಿಸುತ್ತೇನೆ, ನನಗೆ ಓದಲು ಅನುಮತಿ ಇಲ್ಲದ ಫೋಲ್ಡರ್ ಬಿಟ್ಟುಹೋಗಿರಬಹುದು.”

ಅವರು “`sudo` ಹಾಕಿದರೂ 20 ಜಿಬಿನೇ” ಅಂದರು. ನಾನು ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲಿಂದ ಮುಂದೆ ನನಗೆ ದಾರಿ ಕಾಣುತ್ತಿಲ್ಲ, ನಿನ್ನೆ ಮೊನ್ನೆ ಈ ಸರ್ವರ್‌ನಲ್ಲಿ ಯಾರಾದರೂ ಏನಾದರೂ ಬದಲಾಯಿಸಿದ್ದಾರಾ?” ಅಂತ ಕೇಳಿದೆ. “ರಾತ್ರಿ ಯಾರೋ ಒಂದು ದೊಡ್ಡ ಲಾಗ್ ಫೈಲನ್ನು `rm` ಮಾಡಿದ್ದಾರೆ” ಅಂದರು. “ಹಾಗಾದರೆ ಹೆಸರು ಹೋಗಿದೆ, ಜಾಗ ಇನ್ನೂ ಬಿಟ್ಟಿಲ್ಲ. ಆ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದು ಹಿಡಿದಿರಬೇಕು” ಅಂದೆ. ಅದನ್ನು ಕಂಡುಹಿಡಿಯುವ ಕಮಾಂಡ್ ಗೊತ್ತಿಲ್ಲ ಅಂತಲೂ ಹೇಳಿದೆ.

ಸರ್ವರ್ ರೂಮ್

ಇದಕ್ಕೆ ನಾನಾದರೆ 3 ಹಾಕಿ, ಕಾರಣದ ಜಾಗದಲ್ಲಿ ಎರಡು ಸಾಲು ಜಾಸ್ತಿ ಬರೆಯುತ್ತಿದ್ದೆ.

ಮೊದಲನೆಯದು, ನೀವು ಬರೀ ಗೊತ್ತಿಲ್ಲ ಅನ್ನಲಿಲ್ಲ. ಯಾವುದು ಗೊತ್ತಿಲ್ಲ ಅಂತ ಹೇಳಿದಿರಿ. `du` ಹೇಗೆ ಕೆಲಸ ಮಾಡುತ್ತೆ ಅನ್ನುವವರೆಗೆ ಗೊತ್ತು, `df` ಊಹೆ, ವ್ಯತ್ಯಾಸದ ಕಾರಣ ಗೊತ್ತಿಲ್ಲ. ಮೂರನ್ನೂ ಬೇರೆ ಬೇರೆ ಇಟ್ಟಿರಿ. ಹಾಗಾಗಿ ನಿಮ್ಮ ಯಾವ ಮಾತನ್ನು ನಂಬಬೇಕು, ಯಾವುದನ್ನು ಪರೀಕ್ಷಿಸಬೇಕು ಅಂತ ಕೇಳುವವರಿಗೆ ತಕ್ಷಣ ಗೊತ್ತಾಯಿತು.

ಎರಡನೆಯದು, ಏನು ಬದಲಾಗಿದೆ ಅಂತ ನೀವೇ ಕೇಳಿದಿರಿ. ಸುಳಿವು ಬಂದಿದ್ದು ಅದಕ್ಕೆ. ಬುರುಡೆ ಬಿಡುವವರಿಗೆ ಸುಳಿವು ಕೊಡಲು ಆಗೋದಿಲ್ಲ, ಅವರು ಉತ್ತರ ಆಗಲೇ ಕೊಟ್ಟುಬಿಟ್ಟಿರುತ್ತಾರೆ.

ಉತ್ತರವೂ ಸರಿ. ಲಿನಕ್ಸ್‌ನಲ್ಲಿ `rm` ತೆಗೆಯೋದು ಹೆಸರನ್ನು. ಆ ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದು ಇಟ್ಟುಕೊಂಡಿದ್ದರೆ, ಅದು ಮುಚ್ಚುವವರೆಗೂ ಡಿಸ್ಕಿನ ಜಾಗ ಖಾಲಿಯಾಗೋದಿಲ್ಲ. `du` ಹೆಸರು ಹಿಡಿದು ಹುಡುಕುವುದರಿಂದ ಅದಕ್ಕೆ ಕಾಣೋದಿಲ್ಲ. `df` ಫೈಲ್‌ಸಿಸ್ಟಮ್‌ನ ಲೆಕ್ಕ ಓದುವುದರಿಂದ ಅದು ಸೇರಿಸಿಯೇ ಹೇಳುತ್ತದೆ. ನಿಮಗೆ ಗೊತ್ತಿಲ್ಲದ ಕಮಾಂಡ್ `lsof +L1`. ಹೆಸರು ಹೋಗಿ ಇನ್ನೂ ತೆರೆದಿರುವ ಫೈಲುಗಳನ್ನು, ಹಿಡಿದಿರುವ ಪ್ರೋಗ್ರಾಂ ಸಮೇತ ತೋರಿಸುತ್ತದೆ. ಅದು ಗೊತ್ತಿಲ್ಲದ್ದಕ್ಕೆ ನಾನು ಅಂಕ ಕಡಿಮೆ ಮಾಡೋದಿಲ್ಲ. ಕಮಾಂಡ್ ಹುಡುಕಲು ಅರ್ಧ ನಿಮಿಷ ಸಾಕು, ಯಾವ ತರಹದ ಕಮಾಂಡ್ ಬೇಕು ಅನ್ನೋದು ತಲೆಯಲ್ಲಿ ಇರಬೇಕು.

ಕಮ್ಮಿ ಆಗಿದ್ದು ಒಂದು ಕಡೆ. ಒಂದು ಡಿಸ್ಕಿನ ಫೋಲ್ಡರ್ ಮೇಲೆ ಇನ್ನೊಂದನ್ನು ಮೌಂಟ್ ಮಾಡಿದಾಗ ಕೆಳಗಿನ ಫೈಲುಗಳು ಮುಚ್ಚಿಹೋಗುತ್ತವೆ. ಅವೂ `du`ಗೆ ಕಾಣೋದಿಲ್ಲ. ಕಣ್ಣಿಗೆ ಬೀಳದ್ದು ಏನಿರಬಹುದು ಅಂತ ಇನ್ನೊಂದು ದಾರಿ ಹೇಳಿದ್ದರೆ 4ಕ್ಕೆ ಹತ್ತಿರ.

ರಾತ್ರಿ ಪಾಳಿ

ಈ ಪ್ರಶ್ನೆ ಯಾಕೆ ಕೇಳ್ತಾರೆ ಅಂತ ಪಾಳಿ ಕೆಲಸ ಮಾಡಿದವರಿಗೆ ಗೊತ್ತು. ಡಿಸ್ಕ್ ತುಂಬಿದೆ ಅಂತ ರಾತ್ರಿ 2 ಗಂಟೆಗೆ ಅಲರ್ಟ್ ಬರುತ್ತೆ. ಗಾಬರಿಯಲ್ಲಿ ಇರೋ ಲಾಗ್‌ಗಳನ್ನೆಲ್ಲ `rm` ಮಾಡಿದರೆ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರುವ ಫೈಲುಗಳಿಂದ ಒಂದು ಎಂಬಿಯೂ ವಾಪಸ್ ಬರೋದಿಲ್ಲ. ಜೊತೆಗೆ ಬೆಳಗ್ಗೆ ನೋಡೋಕೆ ಲಾಗ್ ಕೂಡ ಇರೋದಿಲ್ಲ. ಇಂಥ ಹೊತ್ತಲ್ಲಿ “ನನಗೆ ಗೊತ್ತಾಗ್ತಿಲ್ಲ, ಎದ್ದು ನೋಡಿ” ಅಂತ ಸೀನಿಯರ್‌ಗೆ ಫೋನ್ ಮಾಡುವವರು ಬೇಕು. ಇಂಟರ್‌ವ್ಯೂನಲ್ಲಿ ಗೊತ್ತಿಲ್ಲ ಅನ್ನೋಕೆ ಹಿಂಜರಿಯುವವರು ಆ ಫೋನ್ ಮಾಡೋದಿಲ್ಲ.

ತುಂಗಾ ತೀರ

ಸರಿ, ಇನೋಡ್ ವಾಪಸ್ ತಗೊಂಡೆ. ಆದರೆ ಇಷ್ಟೆಲ್ಲ ಯಾಕೆ, ಸರ್ವರ್ ರೀಸ್ಟಾರ್ಟ್ ಮಾಡಿದರೆ ಆಯ್ತಲ್ಲ?

ರಾತ್ರಿ ಪಾಳಿ

ಜಾಗ ವಾಪಸ್ ಬರುತ್ತೆ, ನಿಜ. ಅದು ಬ್ಯಾಂಕಿನ ಡೇಟಾಬೇಸ್ ಸರ್ವರ್ ಆಗಿದ್ದರೆ ರೀಸ್ಟಾರ್ಟ್ ಮಾಡಿ ಅಂತ ಯಾರು ಒಪ್ಪುತ್ತಾರೆ? `lsof` ತೋರಿಸಿದ ಆ ಒಂದು ಪ್ರೋಗ್ರಾಂ ಮಾತ್ರ ರೀಸ್ಟಾರ್ಟ್ ಮಾಡಿದರೆ ಸಾಕು. ಎನ್‌ಜಿನ್‌ಎಕ್ಸ್ ಆದರೆ ಅದೂ ಬೇಡ, `USR1` ಸಿಗ್ನಲ್ ಕಳಿಸಿದರೆ ಲಾಗ್ ಫೈಲನ್ನು ಮುಚ್ಚಿ ಹೊಸದಾಗಿ ತೆರೆಯುತ್ತದೆ.

ಲ್ಯಾಬ್ ಮೇಡಂ

ನಾನು ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಪಾಠ ಮಾಡುತ್ತೇನೆ. ವೈವಾದಲ್ಲೂ ಇದೇ ಕಥೆ.

741 ಆಪ್ ಆಂಪ್ ಪ್ರಯೋಗ. ಹುಡುಗ 10 ವೋಲ್ಟ್‌ನ ಚೌಕ ಅಲೆ ಕೊಟ್ಟಿದ್ದಾನೆ. 1 ಕಿಲೋಹರ್ಟ್ಸ್‌ನಲ್ಲಿ ಹೊರಗೂ ಚೌಕವೇ ಬರುತ್ತೆ. 50 ಕಿಲೋಹರ್ಟ್ಸ್‌ಗೆ ಏರಿಸಿದರೆ ತ್ರಿಕೋನ ಆಗಿಬಿಡುತ್ತೆ. ಎಕ್ಸ್‌ಟರ್ನಲ್ ಯಾಕೆ ಅಂತ ಕೇಳುತ್ತಾರೆ. ಹೆಚ್ಚಿನವರು “ಐಸಿ ಹೋಗಿದೆ ಸರ್” ಅಥವಾ “ಲೂಸ್ ಕನೆಕ್ಷನ್” ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಒಬ್ಬ ವಿದ್ಯಾರ್ಥಿ “ಕಾರಣ ಗೊತ್ತಿಲ್ಲ ಸರ್. ಆದರೆ 1 ಕಿಲೋಹರ್ಟ್ಸ್‌ನಲ್ಲಿ ಸರಿ ಇತ್ತು, ಹಾಗಾಗಿ ಐಸಿ ಚೆನ್ನಾಗಿದೆ. ವೋಲ್ಟೇಜ್ ತಗ್ಗಿಸಿದರೆ ಮತ್ತೆ ಚೌಕದ ಹತ್ತಿರ ಬರುತ್ತೆ. ಇಷ್ಟು ಬೇಗ ಅಷ್ಟು ದೂರ ಏರೋಕೆ ಇದಕ್ಕೆ ಆಗ್ತಿಲ್ಲ ಅನ್ನಿಸುತ್ತೆ” ಅಂದ. ಸ್ಲೂ ರೇಟ್ ಅನ್ನುವ ಹೆಸರು ಅವನಿಗೆ ಬರಲಿಲ್ಲ. ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದ್ದ. 741ರ ಔಟ್‌ಪುಟ್ ಮೈಕ್ರೋಸೆಕೆಂಡಿಗೆ ಸುಮಾರು 0.5 ವೋಲ್ಟ್ ಮಾತ್ರ ಏರುತ್ತದೆ. 50 ಕಿಲೋಹರ್ಟ್ಸ್‌ನಲ್ಲಿ ಅರ್ಧ ಸುತ್ತಿಗೆ ಸಿಗೋದು 10 ಮೈಕ್ರೋಸೆಕೆಂಡ್. 5 ವೋಲ್ಟ್ ಏರುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಎಕ್ಸ್‌ಟರ್ನಲ್ ಅವನ ಕೈಯಲ್ಲೇ ಈ ಲೆಕ್ಕ ಮಾಡಿಸಿ ಒಳ್ಳೆ ಅಂಕ ಕೊಟ್ಟರು.

ಜಯನಗರ 4ನೇ ಬ್ಲಾಕ್

ಮೇಡಂ, ಅವನಿಗೆ ಗೊತ್ತಿತ್ತು. ಹೆಸರು ಮಾತ್ರ ಮರೆತಿದ್ದ. ನಿಜವಾಗಿ ಏನೂ ಗೊತ್ತಿಲ್ಲದವರಿಗೆ ಈ ಸಲಹೆಯಿಂದ ಏನು ಪ್ರಯೋಜನ?

ಲ್ಯಾಬ್ ಮೇಡಂ

ಏನೂ ಗೊತ್ತಿಲ್ಲದವರಿಗೆ ಅಂಕ ಯಾಕೆ ಬರಬೇಕು ಅಂತ ನನ್ನ ಪ್ರಶ್ನೆ. ಅವನು ಆ ಪಾಠ ಮರೆತಿದ್ದ ಅನ್ನೋದು ನಿಜ, ಆದರೆ ಪ್ರಯೋಗ ಮಾಡುವಾಗ ಕಣ್ಣು ಬಿಟ್ಟು ನೋಡಿದ್ದ. ವೋಲ್ಟೇಜ್ ತಗ್ಗಿಸಿ ನೋಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊಪ್ಪಳ ಕೋಡರ್

ನನ್ನ ಕಷ್ಟ ಬೇರೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಟರ್‌ವ್ಯೂನಲ್ಲಿ ಎಷ್ಟೋ ಸಲ ವಿಷಯ ಗೊತ್ತಿರುತ್ತೆ, ಇಂಗ್ಲಿಷ್‌ನಲ್ಲಿ ವಾಕ್ಯ ಕಟ್ಟೋಕೆ ಬರೋದಿಲ್ಲ. ಒದ್ದಾಡೋದಕ್ಕಿಂತ ಗೊತ್ತಿಲ್ಲ ಅಂದುಬಿಡೋಣ ಅನ್ನಿಸುತ್ತೆ. ಇಲ್ಲಿ ಎಲ್ಲರೂ ಗೊತ್ತಿಲ್ಲ ಅನ್ನೋದು ಒಳ್ಳೇದು ಅಂತಿದ್ದೀರಿ. ನನ್ನಂಥವರಿಗೆ ಅದರಿಂದ ನಷ್ಟನೇ ಅಲ್ವಾ?

ಸರ್ವರ್ ರೂಮ್

ನಷ್ಟವೇ. ಗೊತ್ತಿರುವುದನ್ನು ಗೊತ್ತಿಲ್ಲ ಅನ್ನಬೇಡಿ. “ನನಗೆ ಇದು ಗೊತ್ತು, ಬರೆದು ತೋರಿಸುತ್ತೇನೆ” ಅಂತ ಕೇಳಿ. ಬೋರ್ಡ್ ಇದ್ದರೆ ಚಿತ್ರ, ಆನ್‌ಲೈನ್ ಆದರೆ ಸ್ಕ್ರೀನ್ ಶೇರ್ ಮಾಡಿ ಟರ್ಮಿನಲ್. ಈ ಪ್ರಶ್ನೆಯನ್ನೇ ತಗೊಳ್ಳಿ, ಬಾಯಲ್ಲಿ ಒಂದು ಮಾತೂ ಆಡದೆ ಪೂರ್ತಿ ತೋರಿಸಬಹುದು:

```
dd if=/dev/zero of=big bs=1M count=500
sleep 600 < big &
rm big
df -m .
lsof +L1
kill %1
df -m .
```

500 ಎಂಬಿಯ ಫೈಲ್ ಮಾಡಿ, `sleep` ಕೈಯಲ್ಲಿ ಅದನ್ನು ತೆರೆದು ಹಿಡಿಸಿ, ಅಳಿಸುತ್ತೀರಿ. ಮೊದಲ `df`ನಲ್ಲಿ ಜಾಗ ವಾಪಸ್ ಬಂದಿರೋದಿಲ್ಲ. `lsof` ಸಾಲಿನ ಕೊನೆಯಲ್ಲಿ `(deleted)` ಅಂತ ಕಾಣುತ್ತೆ. `sleep` ನಿಲ್ಲಿಸಿದ ಮೇಲೆ ಎರಡನೇ `df`ನಲ್ಲಿ ಜಾಗ ಬಂದಿರುತ್ತದೆ. ಇದನ್ನು ನನ್ನ ಮುಂದೆ ಓಡಿಸಿದವರ ಇಂಗ್ಲಿಷ್ ಹೇಗಿದೆ ಅಂತ ನಾನು ನೋಡೋದಿಲ್ಲ.

ಕೊಪ್ಪಳ ಕೋಡರ್

ಈಗಷ್ಟೇ ಓಡಿಸಿದೆ ಅಣ್ಣ, ನೀವು ಹೇಳಿದ ಹಾಗೇ ಬಂತು. ಆದರೆ ಗ್ರಾಹಕರ ಜೊತೆ ಫೋನ್‌ನಲ್ಲಿ ಮಾತಾಡುವ ಕೆಲಸ ಆದರೆ ಇಂಗ್ಲಿಷ್ ನೋಡೇ ನೋಡ್ತಾರೆ. ಅದಕ್ಕೆ ಟರ್ಮಿನಲ್ ಸಾಕಾಗಲ್ಲ.

ಸರ್ವರ್ ರೂಮ್

ಹೌದು, ಅಂಥ ಕೆಲಸಕ್ಕೆ ಅದಕ್ಕೇ ಬೇರೆ ಅಂಕ ಇರುತ್ತೆ. ಅದನ್ನು ಇದು ಸರಿದೂಗಿಸೋದಿಲ್ಲ.

ಮಂಗಳೂರು ಮೀನ್ ಊಟ

ಎಷ್ಟು ಸಲ ಗೊತ್ತಿಲ್ಲ ಅನ್ನಬಹುದು? ನಾಲ್ಕು ಪ್ರಶ್ನೆಗೂ ಅದೇ ಅಂದರೆ?

ಸರ್ವರ್ ರೂಮ್

ಲೆಕ್ಕಕ್ಕಿಂತ ಯಾವುದಕ್ಕೆ ಅನ್ನೋದು ಮುಖ್ಯ. ಲಿನಕ್ಸ್ ಸಪೋರ್ಟ್ ಕೆಲಸಕ್ಕೆ ಬಂದವರಿಗೆ ಫೈಲ್ ಪರ್ಮಿಷನ್ ಗೊತ್ತಿಲ್ಲದಿದ್ದರೆ ಎಷ್ಟು ಪ್ರಾಮಾಣಿಕವಾಗಿ ಹೇಳಿದರೂ ಆಗೋದಿಲ್ಲ. ರೆಸ್ಯೂಮೆಯಲ್ಲಿ ಬರೆದುಕೊಂಡ ವಿಷಯವೂ ಹಾಗೇ. “ಲಾಗ್‌ರೊಟೇಟ್ ಸೆಟ್ ಮಾಡಿದ್ದೇನೆ” ಅಂತ ಬರೆದು, ಅದು ಹಳೇ ಲಾಗ್ ಏನು ಮಾಡುತ್ತೆ ಅಂತ ಕೇಳಿದರೆ ಗೊತ್ತಿಲ್ಲ ಅಂದರೆ, ಆ ಸಾಲು ಅಲ್ಲಿ ಯಾಕಿದೆ?

ಇನ್ನೊಂದು ಕಡೆ, ಆಳದ ಪ್ರಶ್ನೆಗಳಲ್ಲಿ ನಾವೇ ಬೇಕಂತ ಇಳಿಸುತ್ತಾ ಹೋಗುತ್ತೇವೆ. ಫೈಲ್, ಇನೋಡ್, ಓಪನ್ ಫೈಲ್, ಕರ್ನಲ್ ಅಂತ ಇಳಿದು ಎಲ್ಲಿ ನಿಲ್ಲುತ್ತಾರೆ ಅಂತ ನೋಡೋದೇ ಉದ್ದೇಶ. ಅಲ್ಲಿ ಎಲ್ಲರೂ ಒಂದು ಹಂತದಲ್ಲಿ ಗೊತ್ತಿಲ್ಲ ಅನ್ನಲೇಬೇಕು. ಆ ಗೊತ್ತಿಲ್ಲಕ್ಕೆ ಅಂಕ ಕಳೆಯೋ ಮಾತೇ ಇಲ್ಲ.

ಜಯನಗರ 4ನೇ ಬ್ಲಾಕ್

ಯಾವುದು ಬುನಾದಿ, ಯಾವುದು ಆಳ ಅಂತ ಕೂತವರಿಗೆ ಹೇಗೆ ಗೊತ್ತಾಗಬೇಕು ಸರ್? ನಿಮಗೆ ಬುನಾದಿ ಅನ್ನಿಸಿದ್ದು ಇನ್ನೊಬ್ಬರಿಗೆ ಆಳ. ಅದೇ ನನ್ನ ತಕರಾರು. ಅಂಕ ಹಾಕುವವರು ಯಾರು ಅನ್ನೋದರ ಮೇಲೆ ಎಲ್ಲ ನಿಂತಿದೆ.

ರಾತ್ರಿ ಪಾಳಿ

ಈ ಮಾತಿಗೆ ನನ್ನದೂ ಒಂದು ವೋಟು. ನನಗೆ ಇದೇ `df` ಪ್ರಶ್ನೆಯಲ್ಲಿ `lsof` ಹೆಸರು ಹೇಳದ್ದಕ್ಕೆ ಬೇಡ ಅಂದ ಕಡೆಯೂ ಇದೆ.

ಹೇಮಾವತಿ ದಂಡೆ

ಎರಡನೇ ರೌಂಡ್‌ನಲ್ಲಿ ಇದನ್ನೇ ಮುಂದುವರಿಸುತ್ತಾರೆ ಅನ್ನಿಸುತ್ತೆ, ಹಾಗಾಗಿ ಇನ್ನೊಂದು ಕೇಳುತ್ತೇನೆ. ಪ್ರೋಗ್ರಾಂ ನಿಲ್ಲಿಸಲೇಬಾರದು, ಸಿಗ್ನಲ್ ಕೂಡ ಅದಕ್ಕೆ ಅರ್ಥ ಆಗೋದಿಲ್ಲ ಅಂದರೆ ಜಾಗ ವಾಪಸ್ ತಗೊಳ್ಳೋದು ಹೇಗೆ? `/proc` ಒಳಗಿಂದ ಏನೋ ಮಾಡಬಹುದು ಅಂತ ಓದಿದೆ.

ಸರ್ವರ್ ರೂಮ್

`lsof` ಕೊಟ್ಟ ಪ್ರೋಗ್ರಾಂ ಸಂಖ್ಯೆ 4120, ಫೈಲ್ ಸಂಖ್ಯೆ 3 ಅಂತಿಟ್ಟುಕೊಳ್ಳಿ. ರೂಟ್ ಆಗಿ `: > /proc/4120/fd/3` ಅಂದರೆ ಫೈಲ್ ಸೊನ್ನೆಯಾಗುತ್ತೆ, ಜಾಗ ಬರುತ್ತೆ, ಪ್ರೋಗ್ರಾಂ ಓಡುತ್ತಲೇ ಇರುತ್ತೆ. ಅದಕ್ಕೂ ಮೊದಲು ಅದು ನಿಜವಾಗಿ ಲಾಗ್ ಫೈಲೇ ಅಂತ ಖಚಿತ ಮಾಡಿಕೊಳ್ಳಿ. ಡೇಟಾಬೇಸ್‌ನ ತಾತ್ಕಾಲಿಕ ಫೈಲುಗಳೂ ಹೀಗೇ `(deleted)` ಅಂತ ಕಾಣುತ್ತವೆ, ಅವನ್ನು ಸೊನ್ನೆ ಮಾಡಿದರೆ ಅನಾಹುತ.

ತುಂಗಾ ತೀರ

ಸೊನ್ನೆ ಮಾಡಿದ ಮೇಲೆ ಪ್ರೋಗ್ರಾಂ ಮತ್ತೆ ಎಲ್ಲಿಂದ ಬರೆಯುತ್ತೆ? ಮೊದಲಿಂದನಾ, ಬಿಟ್ಟ ಜಾಗದಿಂದನಾ?

ರಾತ್ರಿ ಪಾಳಿ

ಒಳ್ಳೆ ಪ್ರಶ್ನೆ. ಅಪೆಂಡ್ ಮೋಡ್‌ನಲ್ಲಿ ತೆರೆದಿದ್ದರೆ ಮೊದಲಿಂದ. ಇಲ್ಲದಿದ್ದರೆ ಬಿಟ್ಟ ಜಾಗದಿಂದಲೇ ಬರೆಯುತ್ತೆ, ಹಿಂದಿನದೆಲ್ಲ ಖಾಲಿ ತೂತಾಗಿ ಉಳಿಯುತ್ತೆ. ಫೈಲಿನ ಗಾತ್ರ 28 ಜಿಬಿ ಅಂತ ಕಂಡರೂ ಡಿಸ್ಕಿನಲ್ಲಿ ಅಷ್ಟು ಜಾಗ ಹಿಡಿದಿರೋದಿಲ್ಲ.

ಹೇಮಾವತಿ ದಂಡೆ

ಅಂದರೆ `lsof` ತೋರಿಸುವ ಗಾತ್ರ ನೋಡಿ ಜಾಗ ಬಂದಿಲ್ಲ ಅಂದುಕೊಳ್ಳಬಾರದು, `df` ನೋಡಬೇಕು. ಇದನ್ನು ಇವತ್ತೇ ಎರಡೂ ಮೋಡ್‌ನಲ್ಲಿ ಮಾಡಿ ನೋಡುತ್ತೇನೆ. ರೂಮ್‌ಮೇಟ್ ಕೂಡ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಜಯನಗರದವರ ಪರ ಇನ್ನೂ ಇದ್ದಾಳೆ.